14ನೇ ಕೊಠಡಿಯ ಬೆಂಕಿ: ವಾರ್ಡನ್ ವರದಿ

ವಿದ್ಯಾರ್ಥಿಗಳ ಮತ್ತು ಪಾಲಕರ ಗಮನಕ್ಕೆ.

ನಿನ್ನೆ ರಾತ್ರಿ 9.20ಕ್ಕೆ ಕಾರವಾರದ ನಮ್ಮ ಹಾಸ್ಟೆಲಿನ 14ನೇ ಕೊಠಡಿಯಲ್ಲಿ ಬೆಂಕಿ ಹೊತ್ತಿಕೊಂಡಿತ್ತು. ಯಾರಿಗೂ ಗಾಯವಾಗಿಲ್ಲ.

ಕಾರಣ: 6 ಆಂಪಿಯರಿನ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ 1500 ವಾಟಿನ ಕೆಟಲ್ ಮತ್ತು ಒದ್ದೆ ಬಟ್ಟೆ ಒಣಗಿಸಲು 1000 ವಾಟಿನ ಇಸ್ತ್ರಿಪೆಟ್ಟಿಗೆ ಹಾಕಿದ್ದರು. ಎರಡೂ ಸೇರಿ ಸುಮಾರು 11 ಆಂಪಿಯರ್. ಕರೆಂಟ್ ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್, ಅಂದರೆ ಕೊಠಡಿಯ ಎಂಸಿಬಿ, 16 ಆಂಪಿಯರಿನದು, ಹಾಗಾಗಿ ಅದು ಆಗ ಬೀಳಲಿಲ್ಲ. ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು, ನೀವು ತಂದ ತೆಳು ವೈರನ್ನಲ್ಲ. ಕಡಲ ಉಪ್ಪುಗಾಳಿಗೆ ಬೋರ್ಡಿನ ಹಿತ್ತಾಳೆ ತುದಿಗಳು ಹಸಿರುಗಟ್ಟಿ ಸಡಿಲವಾಗಿದ್ದವು. ಕಾವು ಅಲ್ಲಿಂದಲೇ ಶುರು. ವೈರಿನ ಹೊದಿಕೆ ಕರಗಿ ಎರಡು ತಂತಿ ತಾಗಿದ ಮೇಲೆ ಎಂಸಿಬಿ ಬಿತ್ತು, ಅಷ್ಟರಲ್ಲಿ ಹಾಸಿಗೆಗೆ ಕಿಡಿ ಹತ್ತಿತ್ತು. ತಂತಿಯ ತುದಿಯಲ್ಲಿ ತಾಮ್ರ ಕರಗಿ ಮಣಿಗಟ್ಟಿದ್ದು ಸಿಕ್ಕಿದೆ.

ತೆರವು: ಕೊಠಡಿಯವರು ಹೊರಬಂದು ಬಾಗಿಲು ಎಳೆದುಕೊಂಡದ್ದರಿಂದ ಹೊಗೆ ಪಡಸಾಲೆಗೆ ಹೆಚ್ಚು ಬರಲಿಲ್ಲ. ಇದು ಬಹಳ ಒಳ್ಳೆಯ ಕೆಲಸ. ಮಹಡಿಯ ಮೇನ್ ಸ್ವಿಚ್ ಆಫ್ ಮಾಡಿ, 38 ಮಂದಿಯನ್ನು 6 ನಿಮಿಷದಲ್ಲಿ ಅಂಗಳಕ್ಕೆ ಇಳಿಸಿದೆವು. ಹಾಜರಿ ಕರೆದಾಗ ಇಬ್ಬರು ಕಾಣಲಿಲ್ಲ, ಸ್ನಾನದ ಮನೆಯಲ್ಲಿದ್ದರು. ಒಣಪುಡಿಯ ಸಿಲಿಂಡರಿನಿಂದ ಬೆಂಕಿ ಆರಿತು. ಹಾಸಿಗೆಯ ಹತ್ತಿಯೊಳಗಿನ ಕೆಂಡಕ್ಕೆ ಪುಡಿ ಸಾಲದು, ಅದನ್ನು ಹೊರಗೆಳೆದು ನೀರಲ್ಲಿ ನೆನೆಸಿದೆವು.

ಹಾನಿ: ಎರಡು ಹಾಸಿಗೆ, ಒಂದು ಮೇಜು, ಪುಸ್ತಕಗಳು, ಒಂದು ಗೋಡೆಯ ವೈರಿಂಗ್. ವೈರಿನ ಹೊದಿಕೆ ಸರಿಯಿದೆಯೇ ಎಂದು ನೋಡುವ ಮೆಗ್ಗರ್ ಪರೀಕ್ಷೆ ಮುಗಿಯುವವರೆಗೆ 13 ಮತ್ತು 14ನೇ ಕೊಠಡಿಗೆ ಬೀಗ.

ಪ್ಲಗ್ಗಿನ ಪಿನ್ನು ಕಂದಾಗಿದ್ದರೆ, ಮುಟ್ಟಿದರೆ ಬಿಸಿಯಿದ್ದರೆ ಇವತ್ತೇ ಆಫೀಸಿಗೆ ತಂದುಕೊಡಿ.