ಕಥೆ ಹೇಳಿದ್ದಕ್ಕೆ ಎಷ್ಟು ಅಂಕ?

ಪ್ರೀತಿಯ ಗೆಳೆಯ,

ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯ ಬಗ್ಗೆ ನಿನ್ನ ವಿದ್ಯಾರ್ಥಿಗಳು ಬರೆದ, ನೀನು ಅಂಕ ಹಾಕಿ ಕಳಿಸಿದ ವಿಮರ್ಶೆಗಳನ್ನು ಎರಡು ಸಲ ಓದಿದೆ. ಮೊದಲ ಸಲ ಅಂಕ ಹಾಕಲಿಲ್ಲ, ಗೆರೆ ಮಾತ್ರ ಎಳೆದೆ. ಪುಸ್ತಕದಲ್ಲಿ ಏನಾಯಿತು ಅಂತ ಹೇಳುವ ವಾಕ್ಯಕ್ಕೆ ಪೆನ್ಸಿಲ್ ಗೆರೆ. ಅದು ಹೇಗಿದೆ, ಯಾಕೆ ಹಾಗಿದೆ ಅನ್ನುವ ವಾಕ್ಯಕ್ಕೆ ಕೆಂಪು ಗೆರೆ. 20 ಅಂಕದಲ್ಲಿ ಕಥೆಯ ಪರಿಚಯಕ್ಕೆ 5, ಉಳಿದ 15 ಕೆಂಪು ಗೆರೆಯ ಪಾಲಿಗೆ.

ನೀನು 16 ಕೊಟ್ಟ ಹುಡುಗನ ಹಾಳೆ ನೋಡು. ಜೇನು, ಮಂದಣ್ಣ, ಮದುವೆ, ಪೊಲೀಸ್ ಕೇಸು, ಹಾರುವ ಓತಿ, ಯಾವುದನ್ನೂ ಬಿಟ್ಟಿಲ್ಲ. ಅಕ್ಷರವೂ ಮುದ್ದಾಗಿದೆ. ಆದರೆ ಎರಡು ಪುಟವೂ ಪೆನ್ಸಿಲ್ ಗೆರೆಯೇ. ಕೊನೆಗೆ ‘ಶೈಲಿ ಅದ್ಭುತವಾಗಿದೆ, ಎಲ್ಲರೂ ಓದಲೇಬೇಕು’ ಅಂತಿದೆ. ಇದನ್ನು ನೀನು ಮೌಲ್ಯಮಾಪನ ಅಂದುಕೊಂಡಿದ್ದೀಯ. ಆ ವಾಕ್ಯವನ್ನು ಎತ್ತಿ ಬೇರೆ ಯಾವುದೇ ಕಾದಂಬರಿಯ ಪಕ್ಕ ಇಡು, ಅಲ್ಲೂ ಸುಮ್ನೆ ಕೂತುಬಿಡುತ್ತದೆ, ಅಲ್ವಾ? ಹಾಗಾಗಿ ಅದಕ್ಕೆ ಕೆಂಪು ಗೆರೆ ಎಳೆಯಲಿಲ್ಲ. ನನ್ನ ಲೆಕ್ಕದಲ್ಲಿ 5.

ಇನ್ನೊಬ್ಬ ಬರೆದಿದ್ದಾನೆ: ‘ಓತಿ ಕೊನೆಗೆ ಕೈಗೆ ಸಿಗದೆ ಹಾರಿಹೋಗುತ್ತದೆ. ಸಿಕ್ಕಿದ್ದರೆ ಇದು ಬರೀ ಬೇಟೆಯ ಕಥೆಯಾಗುತ್ತಿತ್ತು.’ ಮೊದಲ ವಾಕ್ಯ ಕಥೆ, ಎರಡನೆಯದು ತೀರ್ಪು. ಒಂದಿಲ್ಲದೆ ಇನ್ನೊಂದು ನಿಲ್ಲುವುದಿಲ್ಲ. ಕಥೆ ಹೇಳುವುದು ತಪ್ಪಲ್ಲ, ಅದು ತೀರ್ಪಿಗೆ ಆಧಾರವಾಗಬೇಕು ಅಷ್ಟೇ.

ನನ್ನನ್ನು ತುಂಬಾ ಹೊತ್ತು ಹಿಡಿದು ಕೂರಿಸಿದ್ದು ನೀನು 9 ಕೊಟ್ಟ ಹುಡುಗಿಯ ಹಾಳೆ. ‘ಮಂದಣ್ಣನ ಮದುವೆ, ಕೇಸು ಎಲ್ಲ ಮುಗಿದ ಮೇಲೆ, ಕಾದಂಬರಿಯ ಕೊನೆ ಭಾಗದಲ್ಲಿ ಎಲ್ಲರೂ ಕಾಡಿಗೆ ಹೊರಡುತ್ತಾರೆ’ ಅಂತ ಬರೆದಿದ್ದಾಳೆ. ನಾನೂ ಇದಕ್ಕೆ ಪೆನ್ಸಿಲ್ ಗೆರೆಯನ್ನೇ ಎಳೆದಿದ್ದೆ. ಎರಡನೇ ಓದಿನಲ್ಲಿ ಅಳಿಸಿದೆ. ಅವಳು ಕಥೆ ಹೇಳುತ್ತಿಲ್ಲ, ಯಾವುದಕ್ಕೆ ಎಷ್ಟು ಜಾಗ ಸಿಕ್ಕಿದೆ ಅಂತ ತೂಗುತ್ತಿದ್ದಾಳೆ. ಮುಂದಿನ ಸಾಲಿನಲ್ಲೇ ‘ಹುಡುಕಾಟಕ್ಕೆ ಇನ್ನಷ್ಟು ಪುಟ ಬೇಕಿತ್ತು’ ಅಂದಿದ್ದಾಳೆ. ಅದ್ಭುತ, ಮನಮುಟ್ಟುವ ಅಂತ ಒಂದು ಪದವೂ ಇಲ್ಲ. ನಿನ್ನ ಕಣ್ಣು ತಪ್ಪಿದ್ದು ಇಲ್ಲೇ ಇರಬೇಕು.

ಅವಳ ಮಾತನ್ನು ನಾನು ಒಪ್ಪುವುದಿಲ್ಲ. ಆ ಮದುವೆ, ಆ ಕೇಸು ಇಲ್ಲದೆ ಹೋಗಿದ್ದರೆ, ಊರವರು ದಡ್ಡ ಅಂದುಕೊಂಡ ಮಂದಣ್ಣನನ್ನು ವಿಜ್ಞಾನಿ ಕರ್ವಾಲೊ ಯಾಕೆ ಗೌರವಿಸುತ್ತಾರೆ ಅನ್ನುವುದು ನಮಗೆ ಇಷ್ಟು ನಾಟುತ್ತಿರಲಿಲ್ಲ. ಆದರೆ ನಾನು ಹೀಗೆ ಎದುರು ವಾದ ಹೂಡುವಂತಾಗಿದ್ದೇ ಅವಳು ಕಾರಣ ಕೊಟ್ಟಿದ್ದರಿಂದ. ಒಪ್ಪದಿದ್ದಕ್ಕೆ ಅಂಕ ಕಳೆಯಬೇಡ. ನಾನು 15ಕ್ಕೆ 12, ಪರಿಚಯಕ್ಕೆ 3 ಹಾಕಿದ್ದೇನೆ. ಬರೆದವರು ಯಾರು, ಯಾವ ವರ್ಷದ್ದು ಅಂತ ಅವಳು ಹೇಳಿಯೇ ಇಲ್ಲ, ಅದಕ್ಕೆ 2 ಕಳೆದೆ.

ಎಲ್ಲಾ ಹಾಳೆಗಳನ್ನೂ ಗೆರೆ ಸಮೇತ ವಾಪಸ್ ಕಳಿಸುತ್ತಿದ್ದೇನೆ. ಅವಳದನ್ನು ಮೇಲೆ ಇಟ್ಟಿದ್ದೇನೆ. ಅಂಕಪಟ್ಟಿ ಕೊಡುವ ಮೊದಲು ಅದನ್ನೊಂದು ಸಲ ಓದು.

ನಿನ್ನ ಗೆಳೆಯ