ಕಂತು ತಪ್ಪಿದವರಿಗೆ ಹೋಗುವ ಮೊದಲ ಸಂದೇಶ: ರಿಸರ್ವ್ ಬ್ಯಾಂಕ್ ಗವರ್ನರ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಗವರ್ನರ್ ಅವರಿಗೆ,

ಮುಂಬಯಿಯ ಶಾಖೆಗಳಲ್ಲಿ ಸಾಲ ವಸೂಲಿಯ ಕೆಲಸ ಮಾಡುತ್ತಿರುವ, ಮಾಡಿ ನಿವೃತ್ತರಾದ ಕನ್ನಡಿಗರು ನಾವು. ಕಂತು ತಪ್ಪಿದ ಮೊದಲ 30 ದಿನಗಳಲ್ಲಿ ಗ್ರಾಹಕರಿಗೆ ಹೋಗುವ ಸಂದೇಶದ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತಿದ್ದೇವೆ.

ಡೊಂಬಿವಲಿಯಲ್ಲಿದ್ದು ಹೋಟೆಲಿನಲ್ಲಿ ದುಡಿಯುವ ಗ್ರಾಹಕರೊಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳಿ. 5ನೇ ತಾರೀಕಿನ ವಾಹನ ಸಾಲದ ಕಂತು ಖಾತೆಯಲ್ಲಿ ಹಣವಿಲ್ಲದೆ ಬೌನ್ಸ್ ಆಗಿದೆ. 17ರಂದು ಶಾಖೆಯ ನೌಕರರ ಸ್ವಂತ ಮೊಬೈಲಿನಿಂದ ವಾಟ್ಸ್ಯಾಪ್ ಬರುತ್ತದೆ: "ಕಂತು ಬಾಕಿ ಇದೆ. ಇವತ್ತೇ ಕಟ್ಟಿ. ಇಲ್ಲದಿದ್ದರೆ ಮನೆಗೆ ಜನ ಬರುತ್ತಾರೆ, ಪೊಲೀಸ್ ಕೇಸ್ ಆಗುತ್ತದೆ. ನಿಮ್ಮ ಅಣ್ಣನಿಗೂ ಹೇಳಿದ್ದೇವೆ."

ಇಷ್ಟು ಚಿಕ್ಕ ಸಂದೇಶದಲ್ಲಿ ಎಷ್ಟು ತಪ್ಪುಗಳಿವೆ ನೋಡಿ. ಎಷ್ಟು ಕಟ್ಟಬೇಕು, ಯಾವ ಸಾಲಕ್ಕೆ ಎಂಬುದೇ ಇಲ್ಲ. ಕಂತು ತಪ್ಪುವುದಷ್ಟೇ ಪೊಲೀಸ್ ಕೇಸಾಗುವುದಿಲ್ಲ. ಖಾತೆಯಿಂದ ಕಂತು ತೆಗೆದುಕೊಳ್ಳಲು ಕೊಟ್ಟ ಆದೇಶ ಹಣವಿಲ್ಲದೆ ಬೌನ್ಸ್ ಆದರೆ ಅದನ್ನು ಅಪರಾಧವೆನ್ನುವ ಪಾವತಿ ವ್ಯವಸ್ಥೆಗಳ 2007ರ ಕಾಯ್ದೆಯ 25ನೇ ಕಲಮು ಇದೆ, ನಿಜ. ಆದರೆ ಅದಕ್ಕೂ ಮೊದಲು ಲಿಖಿತ ನೋಟಿಸ್ ಕೊಡಬೇಕು, ನೋಟಿಸ್ ತಲುಪಿದ ಮೇಲೆ ಹಣ ಕಟ್ಟಲು 15 ದಿನ ಬಿಡಬೇಕು. ವಾಟ್ಸ್ಯಾಪಿನ ಒಂದು ಸಾಲು ಆ ನೋಟಿಸಿನ ಜಾಗ ತುಂಬುವುದಿಲ್ಲ. ಇನ್ನು ಅಣ್ಣನ ವಿಷಯ. ಅವರು ಜಾಮೀನುದಾರರಾಗಿದ್ದರೆ ಅವರಿಗೆ ಪ್ರತ್ಯೇಕ ಪತ್ರ ಕಳಿಸಬಹುದು. ಅರ್ಜಿಯಲ್ಲಿ ಪರಿಚಯಕ್ಕೆಂದು ಹೆಸರು ಕೊಟ್ಟವರಷ್ಟೇ ಆಗಿದ್ದರೆ ಸಾಲದ ಮಾತನ್ನು ಅವರ ಕಿವಿಗೆ ಹಾಕುವಂತಿಲ್ಲ. 2022ರ ಆಗಸ್ಟ್ 12ರ ನಿಮ್ಮ ಸುತ್ತೋಲೆ ಮನೆಯವರ, ಸ್ನೇಹಿತರ ಖಾಸಗಿತನಕ್ಕೆ ಕೈಹಾಕುವುದನ್ನೂ, ಅನುಚಿತ ಸಂದೇಶಗಳನ್ನೂ, ಬೆಳಿಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರದ ಕರೆಗಳನ್ನೂ ತಡೆದಿದೆ.

ಅದೇ ಸಂದೇಶ ಹೀಗಿದ್ದರೆ ಸಾಕು:

"ಮಾನ್ಯರೇ, 16ರ ರಾತ್ರಿಯ ಲೆಕ್ಕದಂತೆ ನಿಮ್ಮ ವಾಹನ ಸಾಲದ (ಖಾತೆಯ ಕೊನೆಯ ಅಂಕಿಗಳು 4321) ಈ ತಿಂಗಳ 5ರ ಕಂತು ₹8,450 ಜಮಾ ಆಗಿಲ್ಲ. ಬೌನ್ಸ್ ಶುಲ್ಕ ₹295, ತಡವಾದದ್ದಕ್ಕೆ ದಂಡ ಶುಲ್ಕ ₹60, ಒಟ್ಟು ₹8,805. ಈಗಾಗಲೇ ಕಟ್ಟಿದ್ದರೆ ದಯವಿಟ್ಟು ರಸೀದಿ ಸಂಖ್ಯೆ ತಿಳಿಸಿ. ಕಟ್ಟಲು ತೊಂದರೆಯಿದ್ದರೆ ಈ ತಿಂಗಳ 25ರೊಳಗೆ ಶಾಖೆಯ ಈ ಅಧಿಕಾರಿಯೊಡನೆ ಮಾತನಾಡಿ. ಬಾಕಿ 30 ದಿನ ದಾಟಿದರೆ ಖಾತೆ ಮುಂದಿನ ಎಚ್ಚರಿಕೆಯ ವರ್ಗಕ್ಕೆ ಹೋಗುತ್ತದೆ. ತಡವಾದ ವಿವರ ಕ್ರೆಡಿಟ್ ಮಾಹಿತಿ ಸಂಸ್ಥೆಗಳಿಗೂ ಹೋಗುತ್ತದೆ."

ಕೆಳಗೆ ಅಧಿಕಾರಿಯ ಹೆಸರು, ಶಾಖೆಯ ದೂರವಾಣಿ, ದೂರು ಕೊಡುವ ಜಾಗ ಇರಬೇಕು.

"16ರ ರಾತ್ರಿಯ ಲೆಕ್ಕದಂತೆ" ಎಂಬ ಮಾತು ಶಿಷ್ಟಾಚಾರಕ್ಕೆ ಹಾಕಿದ್ದಲ್ಲ. ಬಾಕಿದಾರರ ಪಟ್ಟಿ ಹಿಂದಿನ ದಿನದ ಲೆಕ್ಕ ಮುಗಿದ ಮೇಲೆ ಹೊರಬರುತ್ತದೆ. ಬೆಳಿಗ್ಗೆ 10ಕ್ಕೆ ಯುಪಿಐಯಲ್ಲಿ ಹಣ ಕಟ್ಟಿದವರಿಗೂ 11ಕ್ಕೆ ಬೈಗುಳ ಹೋಗುವುದು ಇದರಿಂದಲೇ. ದಂಡ ಶುಲ್ಕವನ್ನು ಬೇರೆಯಾಗಿ ತೋರಿಸುವುದೂ ನಿಮ್ಮದೇ ನಿಯಮ. 2024ರ ಏಪ್ರಿಲ್ 1ರಿಂದ ಅದನ್ನು ದಂಡ ಬಡ್ಡಿಯಾಗಿ ಹಾಕುವಂತಿಲ್ಲ, ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ, ಜ್ಞಾಪನೆಯಲ್ಲೇ ಹೇಳಬೇಕು. ಕೊನೆಯ ಎರಡು ವಾಕ್ಯಗಳನ್ನು ಸೌಜನ್ಯದ ಹೆಸರಿನಲ್ಲಿ ಕೈಬಿಡಬಾರದು. ಪರಿಣಾಮ ಮುಚ್ಚಿಟ್ಟ ಸಿಹಿ ಪತ್ರ ಗ್ರಾಹಕರಿಗೆ ಮೋಸವೇ.

ನೌಕರರು ಒರಟಾಗಿ ಬರೆಯುವುದಕ್ಕೆ ಸ್ವಭಾವ ಕಾರಣವೆಂದು ನಾವು ಒಪ್ಪುವುದಿಲ್ಲ. 31ನೇ ದಿನಕ್ಕೆ ಖಾತೆಯ ವರ್ಗ ಬದಲಾಗುತ್ತದೆ, ಮೇಲಿನವರ ಒತ್ತಡ ಶುರುವಾಗುತ್ತದೆ. ಬ್ಯಾಂಕಿನ ಎಸ್ಸೆಮ್ಮೆಸ್ಸಿಗೆ ಮೊದಲೇ ನೋಂದಾಯಿಸಿದ ಒಕ್ಕಣೆಯೇ ಆಗಬೇಕು, ಶಾಖೆಯವರು ಅದನ್ನು ತಿದ್ದಲಾರರು. ಮೇಲಾಗಿ ಇಂಗ್ಲಿಷ್ ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿದರೆ ಕನ್ನಡಕ್ಕೆ, ಮರಾಠಿಗೆ 70 ಮಾತ್ರ. ಒತ್ತಕ್ಷರ, ಸ್ವರಚಿಹ್ನೆ ಎಲ್ಲವೂ ಬೇರೆ ಬೇರೆ ಎಣಿಕೆಗೆ ಬರುತ್ತವೆ. ಜಾಗ ಉಳಿಸಲು ಮೊದಲು ಹೋಗುವುದು ಮರ್ಯಾದೆಯ ಮಾತು. ಆಮೇಲೆ ಸ್ವಂತ ಮೊಬೈಲು ಹೊರಬರುತ್ತದೆ.

ಊರಿನ ಶಾಖೆಯಲ್ಲಿ ಸಾಲ ಮಾಡಿ ಇಲ್ಲಿ ದುಡಿಯುವ ಉಡುಪಿ, ಕಲಬುರಗಿ ಕಡೆಯ ಎಷ್ಟೋ ಜನರಿಗೆ ಇಂಗ್ಲಿಷ್ ಸಂದೇಶ ಅರ್ಥವಾಗದೆ ಪಕ್ಕದವರಿಗೆ ತೋರಿಸಬೇಕಾಗುತ್ತದೆ. ಸಾಲದ ಗುಟ್ಟು ಅಲ್ಲೇ ಬಯಲಾಗುತ್ತದೆ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಮೊದಲ ಜ್ಞಾಪನೆಯ ಮಾದರಿಯನ್ನು ಗ್ರಾಹಕರು ಸಾಲ ಪಡೆಯುವಾಗ ಆರಿಸಿದ ಭಾಷೆಯಲ್ಲಿ ಕಳಿಸುವಂತೆ ಎಲ್ಲ ಬ್ಯಾಂಕುಗಳಿಗೆ ನಿರ್ದೇಶಿಸಿ. ಎಸ್ಸೆಮ್ಮೆಸ್ಸಿನಲ್ಲಿ ಮೊತ್ತ, ಖಾತೆ, ಶಾಖೆಯ ನಂಬರು ಮಾತ್ರ ಇರಲಿ, ಪೂರ್ಣ ಪತ್ರ ಬ್ಯಾಂಕಿನ ಅಧಿಕೃತ ನಂಬರಿನಿಂದ ಬರಲಿ. ನೌಕರರ ಸ್ವಂತ ಮೊಬೈಲಿನಿಂದ ವಸೂಲಿ ಸಂದೇಶ ಹೋಗುವುದನ್ನು ನಿಲ್ಲಿಸಿ. ಶಾಖೆಯ ತಪಾಸಣೆಗೆ ಬರುವವರು ಬಾಕಿಯ ಅಂಕಿಯ ಜೊತೆ ಕಳಿಸಿದ ಸಂದೇಶಗಳನ್ನೂ ತೆಗೆಸಿ ಓದಲಿ.

ಗೌರವಪೂರ್ವಕವಾಗಿ,
ಮುಂಬಯಿಯ ಕನ್ನಡಿಗ ಬ್ಯಾಂಕ್ ನೌಕರರು ಮತ್ತು ನಿವೃತ್ತರು