‘ಜಾಹೀರಾತು’ ಎಂಬುದು ಮೊದಲ ಸಾಲಿನಲ್ಲೇ ಇರಲಿ

ಮಾನ್ಯ ಸಂಪಾದಕರೇ,

ಸಾಮಾಜಿಕ ಜಾಲತಾಣಗಳಲ್ಲಿ ಕಂಪನಿಯಿಂದ ಹಣ ಪಡೆದು ಮಾಡಿದ ಪೋಸ್ಟ್‌ಗಳಲ್ಲಿ ‘ಜಾಹೀರಾತು’ ಎಂಬ ಸೂಚನೆ ಇದ್ದರೂ ಅನೇಕ ಸಲ ಹ್ಯಾಶ್‌ಟ್ಯಾಗ್‌ಗಳ ರಾಶಿಯಲ್ಲಿ ಹೂತುಹೋಗಿರುತ್ತದೆ. ಫೋನಿನಲ್ಲಿ ಕ್ಯಾಪ್ಷನ್‌ನ ಮೊದಲ ಒಂದೆರಡು ಸಾಲಷ್ಟೇ ಕಾಣುತ್ತದೆ. ಉಳಿದದ್ದು ‘more’ ಒತ್ತಿದರೆ ಮಾತ್ರ. ಯಾರಾದರೂ ಕಮೆಂಟಿನಲ್ಲಿ ಎತ್ತಿ ತೋರಿಸಿದ ಮೇಲೆ, ಬರೆದದ್ದೂ ಬಚ್ಚಿಟ್ಟಂತೆ ಕಾಣುತ್ತದೆ.

ಮುಖದ ಕ್ರೀಮಿನ ಬಗ್ಗೆ ಒಂದು ನಿಮಿಷದ ವಿಡಿಯೊ ಎಂದುಕೊಳ್ಳಿ. ಕ್ಯಾಪ್ಷನ್ ಹೀಗೆ ಶುರುವಾಗಲಿ: ‘ಜಾಹೀರಾತು: ಈ ವಿಡಿಯೊಗೆ ಕಂಪನಿ ಹಣ ಕೊಟ್ಟಿದೆ. ಕ್ರೀಮ್ ಬಳಸಿದ್ದು ಎರಡು ವಾರ. ಸ್ಕ್ರಿಪ್ಟನ್ನು ಕಂಪನಿ ಮೊದಲೇ ನೋಡಿದೆ.’ ಕ್ರೀಮನ್ನು ಹೊಗಳುವ ಮೊದಲೇ ಇದನ್ನು ಬಾಯಲ್ಲೂ ಹೇಳಬೇಕು. ಸದ್ದಿಲ್ಲದೆ ನೋಡುವವರಿಗಾಗಿ, ಓದಲು ಸಾಕಾಗುವಷ್ಟು ಹೊತ್ತು ಪರದೆಯ ಮೇಲೂ ಇಡಬೇಕು. ಬರೀ ‘ಕೊಲ್ಯಾಬ್’, ‘ಥ್ಯಾಂಕ್ಸ್’ ಎಂದರೆ ಹಣ ಬಂದಿದೆಯೆಂದು ತಿಳಿಯುವುದಿಲ್ಲ. ಪುಕ್ಕಟೆ ಬಂದ ವಸ್ತುವನ್ನೂ ಪುಕ್ಕಟೆ ಬಂದದ್ದು ಎಂದೇ ಹೇಳಬೇಕು. ಹಣ ಪಡೆದ ಪೋಸ್ಟ್ ಎಂದು ತೋರಿಸಲು ಆ್ಯಪ್‌ನಲ್ಲೇ ಇರುವ ಲೇಬಲ್ ಹಾಕುವುದು ಸರಿಯೇ, ಆದರೆ ಅದೊಂದೇ ಸಾಲದು: ವಿಡಿಯೊ ಬೇರೆಡೆ ಹಂಚಿಕೆಯಾದಾಗ ಲೇಬಲ್ ಕಳಚಿಹೋಗಬಹುದು, ವಿಡಿಯೊದೊಳಗಿನ ಬರಹ ಉಳಿಯುತ್ತದೆ.

ಸೂಚನೆಯನ್ನು ಕೆಳಗೆ ತಳ್ಳುವಂತೆ ಕೆಲವು ಕಂಪನಿಗಳು ಕೇಳುವುದುಂಟು. ಆದ್ದರಿಂದ ಅದರ ಪದ, ಜಾಗ ಎರಡನ್ನೂ ಶೂಟಿಂಗ್‌ಗೆ ಮುಂಚೆ ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು.